ಒಂದೇ ಕೋಷ್ಟಕ, ನಾಲ್ಕು ಪಿ-ವ್ಯಾಲ್ಯೂ: ಯಾವುದನ್ನು ಬರೆಯಬೇಕು?

ಪ್ರಶ್ನೆ: ನಮ್ಮ ಅಧ್ಯಯನದಲ್ಲಿ ಎರಡು ಗುಂಪು, ತಲಾ 10 ಜನ. ಹೊಸ ಡೋಸ್ ಗುಂಪಿನಲ್ಲಿ ಒಬ್ಬರು ಮಧ್ಯದಲ್ಲೇ ಬಿಟ್ಟುಹೋದರು, 9 ಜನ ಉಳಿದರು. ಅವರಲ್ಲಿ 4 ಜನರಿಗೆ ವಾಂತಿ ಆಯಿತು. ಹಳೆ ಡೋಸ್ ಪಡೆದ 10 ಜನರಲ್ಲಿ ಒಬ್ಬರಿಗೂ ಆಗಲಿಲ್ಲ. ಎಸ್‌ಪಿಎಸ್‌ಎಸ್ ಕೊಟ್ಟ ಪಿ-ವ್ಯಾಲ್ಯೂಗಳು: ಕೈ-ಸ್ಕ್ವೇರ್ 0.018, ಯೇಟ್ಸ್ ತಿದ್ದುಪಡಿ ಮಾಡಿದ್ದು 0.070, ಫಿಶರ್ 0.033. ಫಿಶರ್‌ನಲ್ಲಿ ಒನ್-ಸೈಡೆಡ್, ಟೂ-ಸೈಡೆಡ್ ಎರಡೂ ಒಂದೇ ಬಂದಿದೆ! ಆರ್‌ನಲ್ಲಿ ಮಾಡಿದರೂ ಪಿ 0.033. ಆದರೆ ಆಡ್ಸ್ ರೇಶಿಯೋದ ಇಂಟರ್‌ವಲ್ 0.89ರಿಂದ `Inf`, ಅಂದರೆ 1 ಅದರೊಳಗೇ ಇದೆ. ಸಾಫ್ಟ್‌ವೇರ್‌ದೇ ತಪ್ಪಾ? ಪೇಪರ್‌ನಲ್ಲಿ ಯಾವುದನ್ನು, ಹೇಗೆ ಬರೆಯಲಿ?

ಉತ್ತರ:

ಸಾಫ್ಟ್‌ವೇರ್‌ನಲ್ಲಿ ತಪ್ಪಿಲ್ಲ. ನೀವು ಬರೆಯಬೇಕಾದ್ದು ಫಿಶರ್ ಎಕ್ಸಾಕ್ಟ್ ಟೆಸ್ಟ್ ಅನ್ನೇ. ಆದರೆ "ಫಿಶರ್, ಪಿ = 0.033" ಅಂತ ಬರೆದು ಮುಗಿಸಿದರೆ ಓದುವವರಿಗೆ ಅರ್ಧ ವಿಷಯ ಮಾತ್ರ ಸಿಗುತ್ತದೆ. ಟೂ-ಸೈಡೆಡ್ ಪಿ ಲೆಕ್ಕ ಹಾಕಲು ಒಂದಕ್ಕಿಂತ ಹೆಚ್ಚು ನಿಯಮಗಳಿವೆ. ನೀವು ಯಾವುದನ್ನು ಬಳಸಿದಿರಿ ಎಂದು ಹೇಳಬೇಕು. ಇಂಟರ್‌ವಲ್ ಕೂಡ ಅದೇ ನಿಯಮದಿಂದ ಬಂದಿರಬೇಕು. ಮತ್ತೆ ಬಿಟ್ಟುಹೋದ ಆ ಹತ್ತನೆಯವರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಈ ಇಡೀ ಪ್ರಶ್ನೆಯಲ್ಲಿ ಅತಿ ಮುಖ್ಯ ಅನಿಸಿದ್ದು ಅದೇ ಸಾಲು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಎಸ್‌ಪಿಎಸ್‌ಎಸ್ ಕೊಡುವ ಒಂದು ಎಚ್ಚರಿಕೆಯ ವಿಷಯ. ಎಸ್‌ಪಿಎಸ್‌ಎಸ್‌ನಲ್ಲಿ ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ `2 cells (50.0%) have expected count less than 5. The minimum expected count is 1.89.` ಎಂದು ಬಂದಿರುತ್ತದೆ, ನೋಡಿ. ನಿರೀಕ್ಷಿತ ಸಂಖ್ಯೆ ಅಂದರೆ ಡೋಸ್‌ಗೂ ವಾಂತಿಗೂ ಯಾವ ಸಂಬಂಧವೂ ಇಲ್ಲದಿದ್ದರೆ ಆ ಕೋಣೆಯಲ್ಲಿ ಸರಾಸರಿ ಎಷ್ಟು ಜನ ಇರುತ್ತಿದ್ದರು ಎಂಬ ಲೆಕ್ಕ. ಒಟ್ಟು 19 ಜನರಲ್ಲಿ 4 ಜನರಿಗೆ ವಾಂತಿ. ಹೊಸ ಡೋಸ್ ಪಡೆದವರು 9. ಹಾಗಾಗಿ 4 × 9 ÷ 19, ಅಂದರೆ 1.89. ಹಳೆ ಡೋಸ್ ಕಡೆಗೆ 2.11.

ಇಲ್ಲಿ ತುಂಬಾ ಜನ ಎಡವುತ್ತಾರೆ. ಕೋಷ್ಟಕದಲ್ಲಿ ಕಾಣುವ ಸಂಖ್ಯೆ 5ಕ್ಕಿಂತ ಕಡಿಮೆ ಇದ್ದರೆ ಫಿಶರ್ ಮಾಡಬೇಕು ಎಂದು ಕಲಿತಿರುತ್ತಾರೆ. ನೋಡಬೇಕಾದ್ದು ಕಂಡ ಸಂಖ್ಯೆಯನ್ನಲ್ಲ, ನಿರೀಕ್ಷಿತ ಸಂಖ್ಯೆಯನ್ನು. ತಲಾ 40 ಜನರ ಎರಡು ಗುಂಪುಗಳಿವೆ, ಒಂದರಲ್ಲಿ 0, ಇನ್ನೊಂದರಲ್ಲಿ 12 ಜನರಿಗೆ ವಾಂತಿ ಎಂದುಕೊಳ್ಳಿ. ಕೋಣೆಯಲ್ಲಿ ಸೊನ್ನೆ ಇದ್ದರೂ ನಿರೀಕ್ಷಿತ ಸಂಖ್ಯೆ ಎರಡೂ ಕಡೆ 6. ಅಲ್ಲಿ ಕೈ-ಸ್ಕ್ವೇರ್ ಬಳಸಲು ಅಡ್ಡಿ ಇಲ್ಲ. ನಿಮ್ಮ ಕೋಷ್ಟಕದಲ್ಲಿ ಮಾತ್ರ ಅಡ್ಡಿ ನಿಜವಾಗಿಯೂ ಇದೆ. ಸಂಖ್ಯಾಶಾಸ್ತ್ರಜ್ಞ ಕಾಕ್ರನ್ 1954ರಲ್ಲಿ ಕೊಟ್ಟ ಸಲಹೆಯನ್ನೇ ಇವತ್ತಿಗೂ ಹೆಚ್ಚಿನವರು ಪಾಲಿಸುತ್ತಾರೆ. ಒಟ್ಟು ಸಂಖ್ಯೆ 20ಕ್ಕಿಂತ ಕಡಿಮೆ ಇದ್ದರೆ ಫಿಶರ್. 20ರಿಂದ 40ರೊಳಗೆ ಇದ್ದು, ಅತಿ ಚಿಕ್ಕ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇದ್ದರೂ ಫಿಶರ್. ನಿಮ್ಮದು 19.

ಕೈ-ಸ್ಕ್ವೇರ್ ಯಾಕೆ ಕೈಕೊಡುತ್ತದೆ? ಅದು ಕೋಷ್ಟಕದ ಏರಿಳಿತವನ್ನು ಒಂದು ನುಣುಪಾದ ರೇಖೆ ಎಂದುಕೊಂಡು ಲೆಕ್ಕ ಹಾಕುತ್ತದೆ. ಸಂಖ್ಯೆಗಳು ದೊಡ್ಡದಿದ್ದಾಗ ಅದು ಸರಿಹೋಗುತ್ತದೆ. ನಿಮ್ಮಲ್ಲಿ ಅಂಥ ರೇಖೆಯೇ ಇಲ್ಲ, ಇರುವುದು ಬರೀ ಐದು ಮೆಟ್ಟಿಲು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಎಲ್ಲಾ ಗೊಂದಲಕ್ಕೂ ಉತ್ತರ ಈ ಐದು ಮೆಟ್ಟಿಲುಗಳಲ್ಲೇ ಇದೆ.

ಫಿಶರ್ ಪರೀಕ್ಷೆ ಕೋಷ್ಟಕದ ಅಂಚಿನ ಮೊತ್ತಗಳನ್ನು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಕಡೆ 9, ಇನ್ನೊಂದು ಕಡೆ 10. ವಾಂತಿ ಆದವರು 4, ಆಗದವರು 15. ಆಮೇಲೆ ಅದು ಕೇಳುವುದು ಇಷ್ಟೇ: ಡೋಸ್‌ನಿಂದ ಏನೂ ವ್ಯತ್ಯಾಸ ಇಲ್ಲದಿದ್ದರೆ, ಈ 4 ಜನ ಸುಮ್ನೆ ಅದೃಷ್ಟದಿಂದ ಎರಡು ಗುಂಪುಗಳಿಗೆ ಹೇಗೆ ಹಂಚಿಹೋಗಬಹುದಿತ್ತು? 19 ಜನರಿಂದ 4 ಜನರನ್ನು ಆರಿಸಲು 3876 ದಾರಿಗಳಿವೆ. ಆ ನಾಲ್ವರಲ್ಲಿ ಹೊಸ ಡೋಸ್ ಗುಂಪಿನವರು 0, 1, 2, 3 ಅಥವಾ 4 ಜನ ಇರಬಹುದು. ಬೇರೆ ಸಾಧ್ಯತೆಯೇ ಇಲ್ಲ.

| ಹೊಸ ಡೋಸ್‌ನಲ್ಲಿ ವಾಂತಿ | ದಾರಿಗಳು | ಸಂಭವನೀಯತೆ |
|---|---|---|
| 0 | 210 | 0.0542 |
| 1 | 1080 | 0.2786 |
| 2 | 1620 | 0.4180 |
| 3 | 840 | 0.2167 |
| 4 | 126 | 0.0325 |

ನಿಮಗೆ ಸಿಕ್ಕಿದ್ದು ಕೊನೆಯ ಸಾಲು. 126ನ್ನು 3876ರಿಂದ ಭಾಗಿಸಿದರೆ 0.0325. ಒನ್-ಸೈಡೆಡ್ ಪಿ ಇಷ್ಟೇ, ಯಾಕೆಂದರೆ ಆ ದಿಕ್ಕಿನಲ್ಲಿ ಇದಕ್ಕಿಂತ ಆಚೆ ಏನೂ ಇಲ್ಲ. ಇದನ್ನು ಕೈಯಲ್ಲೇ ಒಮ್ಮೆ ಮಾಡಿ ನೋಡಿ. ಸಾಫ್ಟ್‌ವೇರ್‌ಗೆ ಕೋಷ್ಟಕವನ್ನು ಸರಿಯಾಗಿ ಕೊಟ್ಟಿದ್ದೀರಾ ಎನ್ನುವುದೂ ಅದರಿಂದ ಖಾತ್ರಿಯಾಗುತ್ತದೆ.

ಈಗ ಟೂ-ಸೈಡೆಡ್. "ಇಷ್ಟೇ ಅಥವಾ ಇದಕ್ಕಿಂತ ಜಾಸ್ತಿ ವಿಪರೀತ" ಎನ್ನುವುದನ್ನು ಇನ್ನೊಂದು ದಿಕ್ಕಿನಲ್ಲೂ ಗುರುತಿಸಬೇಕು. ಎಸ್‌ಪಿಎಸ್‌ಎಸ್ ಮತ್ತು ಆರ್‌ನ `fisher.test` ಹಿಡಿಯುವ ನಿಯಮ ಹೀಗಿದೆ: ಕಂಡ ಕೋಷ್ಟಕದಷ್ಟೇ ಅಥವಾ ಅದಕ್ಕಿಂತ ಕಡಿಮೆ ಸಂಭವನೀಯತೆ ಇರುವ ಎಲ್ಲಾ ಕೋಷ್ಟಕಗಳನ್ನು ಕೂಡಿಸು. ಎದುರು ತುದಿಯಲ್ಲಿರುವುದು 0.0542. ಅದು 0.0325ಕ್ಕಿಂತ ದೊಡ್ಡದು, ಹಾಗಾಗಿ ಲೆಕ್ಕಕ್ಕೆ ಬರುವುದಿಲ್ಲ. ಕೂಡಿಸಲು ಉಳಿದದ್ದು ನಿಮ್ಮ ಕೋಷ್ಟಕ ಒಂದೇ. ಅದಕ್ಕೇ ಎರಡೂ ಪಿ 0.033 ಬಂದಿವೆ. ನೀವು ಗಾಬರಿಯಾಗುವ ವಿಷಯ ಇದಲ್ಲ.

ಆದರೆ ಇನ್ನೊಂದು ನಿಯಮವೂ ಇದೆ. ಒನ್-ಸೈಡೆಡ್ ಪಿಯನ್ನು ಎರಡರಿಂದ ಗುಣಿಸುವುದು. ಆಗ 0.065. ಇದೂ ಫಿಶರ್ ಪರೀಕ್ಷೆಯೇ, ಇದೂ ಟೂ-ಸೈಡೆಡ್ಡೇ, ಇದನ್ನು ಬಳಸುವ ಸಂಖ್ಯಾಶಾಸ್ತ್ರಜ್ಞರೂ ಇದ್ದಾರೆ. ಒಂದೇ ಹೆಸರಿನ ಪರೀಕ್ಷೆ, ಒಂದೇ ಕೋಷ್ಟಕ, ಆದರೂ ಒಂದು ಉತ್ತರ 0.05ರ ಈಚೆ, ಇನ್ನೊಂದು ಆಚೆ. ಎರಡು ಗುಂಪುಗಳೂ ಸಮ ಇದ್ದಿದ್ದರೆ ಐದು ಮೆಟ್ಟಿಲುಗಳು ಎಡಬಲ ಒಂದೇ ಥರ ಇರುತ್ತಿದ್ದವು, ಎರಡೂ ನಿಯಮಗಳು ಒಂದೇ ಉತ್ತರ ಕೊಡುತ್ತಿದ್ದವು. ನಿಮ್ಮ ಗುಂಪುಗಳು 9 ಮತ್ತು 10. ಆ ಒಬ್ಬರ ವ್ಯತ್ಯಾಸದಿಂದಲೇ ದಾರಿ ಎರಡಾಗಿ ಒಡೆದಿದೆ.

ಈಗ ಇಂಟರ್‌ವಲ್‌ನ ಒಗಟು ತಾನಾಗಿ ಬಿಡಿಸಿಕೊಳ್ಳುತ್ತದೆ. ಆರ್‌ನ `fisher.test` ಪಿಯನ್ನು ಮೊದಲ ನಿಯಮದಲ್ಲಿ ಲೆಕ್ಕ ಹಾಕುತ್ತದೆ. ಇಂಟರ್‌ವಲ್ ಅನ್ನು ಮಾತ್ರ ಎರಡನೆಯ ನಿಯಮದಲ್ಲಿ, ಅಂದರೆ ಎರಡೂ ತುದಿಗೆ 2.5% ಮೀಸಲಿಟ್ಟು ತೆಗೆಯುತ್ತದೆ. ನಿಮ್ಮ ಒನ್-ಸೈಡೆಡ್ ಪಿ 0.0325, ಅದು 0.025ಕ್ಕಿಂತ ದೊಡ್ಡದು. ಹಾಗಾಗಿ ಕೆಳಮಿತಿ 1ಕ್ಕಿಂತ ಕೆಳಗೆ, 0.89ಕ್ಕೆ ಇಳಿದಿದೆ. ಆ ಇಂಟರ್‌ವಲ್ 0.065ರ ಜೋಡಿ, 0.033ರ ಜೋಡಿ ಅಲ್ಲ. ಎರಡು ಬೇರೆ ಬೇರೆ ಜೋಡಿಗಳಿಂದ ಒಂದೊಂದು ಚಪ್ಪಲಿ ಎತ್ತಿಕೊಂಡು ಬಂದ ಹಾಗಾಗಿದೆ. ನಾನೂ ಶುರುವಿನಲ್ಲಿ ಇದೇ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದು ಒಂದು ವರದಿ ಕಳಿಸಿದ್ದೆ. ಪರಿಶೀಲಿಸಿದವರು "ಪಿ ಒಂದು ಹೇಳುತ್ತದೆ, ಇಂಟರ್‌ವಲ್ ಇನ್ನೊಂದು, ಯಾವುದನ್ನು ನಂಬಲಿ?" ಎಂದು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಕೂತು ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸಿದ ಮೇಲೆಯೇ ಅರ್ಥವಾದದ್ದು.

ಜೋಡಿ ಸರಿಮಾಡಲು ಆರ್‌ನಲ್ಲಿ `exact2x2` ಎಂಬ ಪ್ಯಾಕೇಜ್ ಇದೆ. ಅದರಲ್ಲಿ ನಿಯಮವನ್ನು ನೀವೇ ಹೆಸರಿಸಿ ಹೇಳಬಹುದು.

```r
library(exact2x2)
tab <- matrix(c(4, 5, 0, 10), nrow = 2, byrow = TRUE)
exact2x2(tab, tsmethod = "minlike")
exact2x2(tab, tsmethod = "central")
```

`minlike` ಎಂದರೆ ಕಡಿಮೆ ಸಂಭವನೀಯತೆಯ ಕೋಷ್ಟಕಗಳನ್ನು ಕೂಡಿಸುವ ಮೊದಲ ನಿಯಮ. ಅದರಲ್ಲಿ ಪಿ 0.033, ಕೆಳಮಿತಿ ಸುಮಾರು 1.14. `central` ಎಂದರೆ ಇಮ್ಮಡಿ ಮಾಡುವ ನಿಯಮ. ಅದರಲ್ಲಿ ಪಿ 0.065, ಕೆಳಮಿತಿ 0.89. ಎರಡರಲ್ಲೂ ಪಿ ಮತ್ತು ಇಂಟರ್‌ವಲ್ ಒಂದೇ ಮಾತು ಹೇಳುತ್ತವೆ. ಮೇಲ್ಮಿತಿ ಮಾತ್ರ ಎರಡರಲ್ಲೂ ಅನಂತ.

ಹಾಗಾದರೆ ಯಾವ ಜೋಡಿ? ಅಧ್ಯಯನ ಶುರುವಾಗುವ ಮುಂಚೆ ಬರೆದಿಟ್ಟ ಯೋಜನೆಯಲ್ಲಿ ಏನಿದೆಯೋ ಅದು. ಯೋಜನೆಯಲ್ಲಿ "ಟೂ-ಸೈಡೆಡ್ ಫಿಶರ್" ಎಂದಷ್ಟೇ ಇದ್ದರೆ, ಸಾಮಾನ್ಯವಾಗಿ ಸಾಫ್ಟ್‌ವೇರ್ ಕೊಡುವುದು ಮೊದಲ ನಿಯಮದ ಉತ್ತರ. ಬೇರೆಯವರು ನಿಮ್ಮ ಕೋಷ್ಟಕ ಹಾಕಿ ನೋಡಿದರೆ ಅವರಿಗೂ 0.033 ಬರುತ್ತದೆ. ಅದನ್ನೇ ಮುಖ್ಯ ಉತ್ತರವಾಗಿ ಕೊಡಿ, ಇಮ್ಮಡಿ ನಿಯಮದಲ್ಲಿ 0.065 ಬರುತ್ತದೆ ಎಂದು ಜೊತೆಗೇ ಹೇಳಿಬಿಡಿ. ಎರಡನ್ನೂ ಹೇಳಿದರೆ ಯಾರಿಗೂ ಮೋಸ ಆಗುವುದಿಲ್ಲ. ಉತ್ತರ ನೋಡಿದ ಮೇಲೆ ಒಂದನ್ನು ಆರಿಸಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಮೋಸ. ಒನ್-ಸೈಡೆಡ್‌ಗೂ ಇದೇ ಮಾತು. ಈ ಕೋಷ್ಟಕದಲ್ಲಿ ಅದರಿಂದ ಏನೂ ಲಾಭ ಇಲ್ಲ, ಆದರೂ ಮುಂದಿನ ಸಲಕ್ಕೆ ನೆನಪಿಡಿ: ದಿಕ್ಕನ್ನು ಮೊದಲೇ ಬರೆದಿಡದಿದ್ದರೆ ಒನ್-ಸೈಡೆಡ್ ಬಳಸಬೇಡಿ.

ಈಗ ಆಡ್ಸ್ ರೇಶಿಯೋ. ಹಳೆ ಡೋಸ್‌ನಲ್ಲಿ ವಾಂತಿ ಸೊನ್ನೆ ಇರುವುದರಿಂದ ಭಾಗಾಕಾರದ ಕೆಳಗೆ ಸೊನ್ನೆ ಬರುತ್ತದೆ, ಉತ್ತರ ಅನಂತ. ಇದನ್ನು ನೋಡಿ ಮುಜುಗರಪಟ್ಟು ತುಂಬಾ ಜನ ಎಲ್ಲಾ ಕೋಣೆಗಳಿಗೂ 0.5 ಸೇರಿಸಿ, "ಆಡ್ಸ್ ರೇಶಿಯೋ 17" ಎಂದು ಬರೆದುಬಿಡುತ್ತಾರೆ. ನಿಮ್ಮ ಕೋಷ್ಟಕಕ್ಕೆ ಹಾಗೆ ಮಾಡಿದರೆ 17.2 ಬರುತ್ತದೆ ನಿಜ. ಅದರ ಇಂಟರ್‌ವಲ್ 0.78ರಿಂದ 381ರವರೆಗೆ! ಆ 17 ನಿಮ್ಮ ರೋಗಿಗಳಿಂದ ಬಂದದ್ದಲ್ಲ, ಸೇರಿಸಿದ ಅರ್ಧದಿಂದ ಬಂದದ್ದು. ಅರ್ಧದ ಬದಲು ಕಾಲು ಸೇರಿಸಿದ್ದರೆ ಬೇರೆ ಸಂಖ್ಯೆ ಬರುತ್ತಿತ್ತು. ಅದಕ್ಕೇ ನಾನು ಹೇಳುವುದು, ಅನಂತ ಎಂದೇ ಬರೆಯಿರಿ, ಕೆಳಮಿತಿ ಕೊಡಿ, ಮೇಲ್ಮಿತಿ ಇಲ್ಲ ಎನ್ನಿ. ಅದು ಪ್ರಾಮಾಣಿಕವಾದ ಉತ್ತರ.

ಆಡ್ಸ್ ರೇಶಿಯೋಗಿಂತ ಓದುವವರಿಗೆ ಜಾಸ್ತಿ ಉಪಯೋಗಕ್ಕೆ ಬರುವುದು ಎರಡು ಗುಂಪಿನ ಶೇಕಡಾವಾರು. 9ರಲ್ಲಿ 4 ಅಂದರೆ 44%. ಕ್ಲಾಪರ್-ಪಿಯರ್ಸನ್ ವಿಧಾನದ ನಿಖರ ಇಂಟರ್‌ವಲ್ 14%ರಿಂದ 79%. 10ರಲ್ಲಿ 0 ಅಂದರೆ 0%, ಅದರ ಇಂಟರ್‌ವಲ್ 0ರಿಂದ 31%. ಈ ಕೊನೆಯ ಸಂಖ್ಯೆಯನ್ನು ಸ್ವಲ್ಪ ನಿಂತು ನೋಡಿ. ಹಳೆ ಡೋಸ್‌ನಿಂದ ವಾಂತಿಯೇ ಆಗುವುದಿಲ್ಲ ಎಂದು ನಿಮ್ಮ ಅಧ್ಯಯನ ತೋರಿಸಿಲ್ಲ. ಹತ್ತು ಜನರಲ್ಲಿ ಯಾರಿಗೂ ಆಗದಿದ್ದರೂ, ನಿಜವಾದ ಪ್ರಮಾಣ ನೂರಕ್ಕೆ ಮೂವತ್ತರಷ್ಟು ಇರುವ ಸಾಧ್ಯತೆಯನ್ನು ಈ ಅಂಕಿ ತಳ್ಳಿಹಾಕುವುದಿಲ್ಲ. ಚರ್ಚೆಯ ಭಾಗದಲ್ಲಿ "ಹಳೆ ಡೋಸ್ ಸುರಕ್ಷಿತ" ಎಂದು ಬರೆಯುವ ಆಸೆ ಬಂದರೆ ಈ 31% ನೆನಪಿಗೆ ಬರಲಿ. ಎರಡು ಇಂಟರ್‌ವಲ್‌ಗಳು ಒಂದರ ಮೇಲೊಂದು ಬಿದ್ದಿವೆ ಎಂದ ಮಾತ್ರಕ್ಕೆ ವ್ಯತ್ಯಾಸ ಇಲ್ಲ ಎಂದೂ ಅರ್ಥವಲ್ಲ. ಅದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಕೊಡುವುದು ಫಿಶರ್ ಪರೀಕ್ಷೆಯೇ.

ಈಗ ಆ ಹತ್ತನೆಯವರು. ಅವರು ಉಳಿದಿದ್ದು, ಅವರಿಗೆ ವಾಂತಿ ಆಗಿರಲಿಲ್ಲ ಎಂದುಕೊಳ್ಳಿ. ಆಗ 10ರಲ್ಲಿ 4, 10ರಲ್ಲಿ 0. 20 ಜನರಿಂದ 4 ಜನರನ್ನು ಆರಿಸಲು 4845 ದಾರಿ. ನಾಲ್ವರೂ ಒಂದೇ ಗುಂಪಿನವರಾಗಲು 210 ದಾರಿ. ಒನ್-ಸೈಡೆಡ್ 0.043. ಗುಂಪುಗಳು ಸಮ ಇರುವುದರಿಂದ ಎದುರು ತುದಿಯೂ ಅಷ್ಟೇ, ಅದೂ ಲೆಕ್ಕಕ್ಕೆ ಬರುತ್ತದೆ. ಟೂ-ಸೈಡೆಡ್ ಪಿ 0.087. ನೋಡಿದಿರಾ? ವಾಂತಿ ಆಗದ ಒಬ್ಬ ವ್ಯಕ್ತಿ ಕೋಷ್ಟಕದಿಂದ ಹೊರಗೆ ಹೋದರೆ 0.087 ಇದ್ದದ್ದು 0.033 ಆಗುತ್ತದೆ. ಹೊಸದಾಗಿ ಯಾವ ಸಾಕ್ಷ್ಯವೂ ಬಂದಿಲ್ಲ. ಎದುರು ತುದಿಯ ಮೆಟ್ಟಿಲು ಸ್ವಲ್ಪ ಎತ್ತರವಾಗಿ, ಮೊತ್ತದಿಂದ ಜಾರಿಹೋಯಿತು, ಅಷ್ಟೇ.

ಅವರಿಗೆ ವಾಂತಿ ಆಗಿತ್ತು ಎಂದುಕೊಂಡರೆ? 10ರಲ್ಲಿ 5, 10ರಲ್ಲಿ 0. ಆಗಲೂ ಪಿ 0.033ಕ್ಕೇ ಬರುತ್ತದೆ. ಆದರೆ ಈ ಸಲ ಎರಡೂ ನಿಯಮಗಳು ಒಪ್ಪುತ್ತವೆ, ಇಂಟರ್‌ವಲ್ ಕೂಡ 1ನ್ನು ಹೊರಗಿಡುತ್ತದೆ. ಅಂದರೆ ನಿಮ್ಮ ತೀರ್ಮಾನ ಗಟ್ಟಿಯೋ ಅಲ್ಲವೋ ಎನ್ನುವುದು ಲೆಕ್ಕದಲ್ಲೇ ಇಲ್ಲದ ಒಬ್ಬರ ಮೇಲೆ ನಿಂತಿದೆ. ಅವರು ಯಾಕೆ ಬಿಟ್ಟುಹೋದರು? ಊರು ಬದಲಾಯಿಸಿದ್ದಕ್ಕೋ, ಔಷಧಿ ಒಗ್ಗದೆ ಹೊಟ್ಟೆ ತೊಳೆಸಿದ್ದಕ್ಕೋ? ದಾಖಲೆ ತೆಗೆದು ನೋಡಿ. ಕಾರಣ ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ ಎರಡೂ ಸಾಧ್ಯತೆಗಳ ಪಿ ಕೊಟ್ಟುಬಿಡಿ. ಎರಡೇ ಸಾಧ್ಯತೆ ಇರುವಾಗ ಕಷ್ಟವೇನೂ ಇಲ್ಲ.

ಇನ್ನೊಂದು ಪರೀಕ್ಷೆಯನ್ನೂ ನಾನು ಇಂಥ ಸಣ್ಣ ಕೋಷ್ಟಕಗಳಿಗೆ ಯಾವಾಗಲೂ ಮಾಡುತ್ತೇನೆ. ಒಂದೇ ಒಂದು ಘಟನೆಯನ್ನು ಬದಲಾಯಿಸಿ ನೋಡುವುದು. ಹಳೆ ಡೋಸ್‌ನಲ್ಲಿ ಒಬ್ಬರಿಗೆ ವಾಂತಿ ಆಗಿದ್ದರೆ, ಅಂದರೆ 9ರಲ್ಲಿ 4 ಮತ್ತು 10ರಲ್ಲಿ 1 ಇದ್ದಿದ್ದರೆ, ಮೊದಲ ನಿಯಮದಲ್ಲೇ ಪಿ 0.14. ಹೊಸ ಡೋಸ್‌ನಲ್ಲಿ ನಾಲ್ವರ ಬದಲು ಮೂವರಿಗೆ ಆಗಿದ್ದರೆ 0.087. ಇದನ್ನು ಪೇಪರ್‌ನಲ್ಲಿ ಬರೆಯಲೇಬೇಕೆಂದು ಇಲ್ಲ. ಆದರೆ ಇದು ಗೊತ್ತಿದ್ದರೆ "ಗಮನಾರ್ಹ ವ್ಯತ್ಯಾಸ ಸಾಬೀತಾಗಿದೆ" ಎಂದು ಬರೆಯಲು ನಿಮ್ಮ ಕೈಯೇ ಹಿಂಜರಿಯುತ್ತದೆ.

ಫಿಶರ್ ತುಂಬಾ ಬಿಗಿ, ಅದರ ಬದಲು ಬೇರೆ ಪರೀಕ್ಷೆ ಮಾಡಿ ಎಂದು ನಿಮಗೆ ಯಾರಾದರೂ ಹೇಳಬಹುದು. ಆ ಮಾತಿನಲ್ಲಿ ಹುರುಳಿದೆ. ಮೇಲಿನ ಐದು ಮೆಟ್ಟಿಲುಗಳಿಗೆ ಮತ್ತೆ ಹೋಗಿ. ಮೊದಲ ನಿಯಮದಲ್ಲಿ ಪಿ 0.05ಕ್ಕಿಂತ ಕಡಿಮೆ ಬರಲು ಒಂದೇ ದಾರಿ, ನಾಲ್ವರೂ ಹೊಸ ಡೋಸ್‌ನವರಾಗುವುದು. ನಾಲ್ವರೂ ಹಳೆ ಡೋಸ್‌ನವರಾದರೂ ಪಿ 0.087. ಅಂದರೆ ನೀವು 5% ತಪ್ಪಿಗೆ ಅವಕಾಶ ಕೊಟ್ಟಿದ್ದೀರಿ, ಪರೀಕ್ಷೆ ಬಳಸಿಕೊಂಡದ್ದು 3.25% ಮಾತ್ರ. ಮೆಟ್ಟಿಲುಗಳು ಕಡಿಮೆ ಇದ್ದಾಗ ಹೀಗಾಗುತ್ತದೆ. "ಎಕ್ಸಾಕ್ಟ್" ಎಂಬ ಮಾತಿನ ಅರ್ಥ ಪಿ ಲೆಕ್ಕದಲ್ಲಿ ಅಂದಾಜು ಬಳಸಿಲ್ಲ ಎಂದು. ತಪ್ಪಿನ ಪ್ರಮಾಣ ಸರಿಯಾಗಿ 5% ಎಂದಲ್ಲ.

ಇನ್ನೊಂದು ಆಕ್ಷೇಪ ಅಂಚಿನ ಮೊತ್ತಗಳ ಬಗ್ಗೆ. ಫಿಶರ್ ಅವರ ಹೆಸರಾಂತ ಚಹಾ ಪ್ರಯೋಗದಲ್ಲಿ 8 ಕಪ್ಪುಗಳಿದ್ದವು. 4ರಲ್ಲಿ ಹಾಲು ಮೊದಲು ಹಾಕಿತ್ತು, 4ರಲ್ಲಿ ಚಹಾ ಮೊದಲು. ರುಚಿ ನೋಡುವವರಿಗೂ ಅದು ಗೊತ್ತಿತ್ತು, ಅವರೂ 4 ಕಪ್ಪುಗಳನ್ನೇ ಆರಿಸಬೇಕಿತ್ತು. ಅಲ್ಲಿ ಎರಡೂ ಅಂಚು ಮೊದಲೇ ನಿಗದಿ. ನಿಮ್ಮಲ್ಲಿ ಗುಂಪಿನ ಗಾತ್ರ ಮಾತ್ರ ನಿಗದಿ. ಒಟ್ಟು 4 ಜನರಿಗೆ ವಾಂತಿ ಆಗುತ್ತದೆ ಎಂದು ಯಾರೂ ಮೊದಲೇ ನಿರ್ಧರಿಸಿರಲಿಲ್ಲ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪರೀಕ್ಷೆಗಳಿವೆ. ಬಾರ್ನಾರ್ಡ್ 1945ರಲ್ಲಿ ಒಂದನ್ನು ಸೂಚಿಸಿದರು. ಬೋಶ್ಲೂ ಅವರ ಹೆಸರಿನ ಪರೀಕ್ಷೆ ಫಿಶರ್‌ನ ಪಿಯನ್ನೇ ಅಳತೆಗೋಲಾಗಿ ಬಳಸುತ್ತದೆ, ಅದರ ಪಿ ಫಿಶರ್‌ಗಿಂತ ಯಾವತ್ತೂ ದೊಡ್ಡದಾಗುವುದಿಲ್ಲ. ಮಿಡ್-ಪಿ ಎಂಬ ತಿದ್ದುಪಡಿಯೂ ಇದೆ. ಅದು ಕಂಡ ಕೋಷ್ಟಕದ ಸಂಭವನೀಯತೆಯಲ್ಲಿ ಅರ್ಧವನ್ನು ಮಾತ್ರ ಎಣಿಸುತ್ತದೆ. ಅದರಿಂದ ಬಿಗಿ ಸಡಿಲವಾಗುತ್ತದೆ, ಆದರೆ ತಪ್ಪು 5% ದಾಟುವುದಿಲ್ಲ ಎಂಬ ಖಾತ್ರಿ ಹೋಗುತ್ತದೆ.

ಯೋಜನೆ ಮಾಡುವ ಹಂತದಲ್ಲಿ ನನ್ನನ್ನು ಕೇಳಿದ್ದರೆ ಬೋಶ್ಲೂ ಪರೀಕ್ಷೆಯನ್ನೇ ಸೂಚಿಸುತ್ತಿದ್ದೆ. ಈಗ ಬೇಡ. ಕೋಷ್ಟಕ ಕಣ್ಣೆದುರು ಇರುವಾಗ ಪರೀಕ್ಷೆ ಬದಲಾಯಿಸಿದರೆ, ಅದು ಎಷ್ಟೇ ಒಳ್ಳೆಯ ಪರೀಕ್ಷೆಯಾದರೂ, ನಿಮ್ಮ ಪಿಯನ್ನು ಯಾರೂ ನಂಬಬೇಕಿಲ್ಲ. ಅದೇ ಕಾರಣಕ್ಕೆ ಕೈ-ಸ್ಕ್ವೇರ್‌ನ 0.018 ಕೂಡ ಬೇಡ. ಯೇಟ್ಸ್ ತಿದ್ದುಪಡಿಯ 0.070 ಕೂಡ ಬೇಡ. ಅದು ಫಿಶರ್‌ನ ಉತ್ತರಕ್ಕೆ ಹತ್ತಿರ ಬರಲು ಮಾಡಿದ ಅಂದಾಜು. ಇಮ್ಮಡಿ ನಿಯಮದ 0.065ಕ್ಕೆ ಅದು ಎಷ್ಟು ಹತ್ತಿರ ಇದೆ ನೋಡಿ. ಅಸಲಿ ಲೆಕ್ಕವೇ ಕೈಯಲ್ಲಿರುವಾಗ ಅಂದಾಜು ಯಾಕೆ?

ಇನ್ನು ಬರೆಯುವ ಬಗೆ. ಫಿಶರ್ ಪರೀಕ್ಷೆಯಲ್ಲಿ ಕೈ-ಸ್ಕ್ವೇರ್‌ನಂತೆ ಒಂದು ಸ್ಟಾಟಿಸ್ಟಿಕ್ ಇಲ್ಲ, ಡಿಗ್ರೀಸ್ ಆಫ್ ಫ್ರೀಡಂ ಕೂಡ ಇಲ್ಲ. "ಕೈ-ಸ್ಕ್ವೇರ್ = 5.63, ಪಿ = 0.033" ಎಂದು ಎರಡನ್ನೂ ಬೆರೆಸಿದ ಸಾಲುಗಳು ನನ್ನ ಮೇಜಿಗೆ ಆಗಾಗ ಬರುತ್ತವೆ. 5.63ರ ಪಿ 0.018, 0.033 ಅಲ್ಲ. ಪಕ್ಕಪಕ್ಕದ ಸಾಲುಗಳಿಂದ ಎತ್ತಿ ಬರೆದದ್ದು ಅಂತ ಕೂಡಲೇ ಗೊತ್ತಾಗುತ್ತದೆ. "ಪಿ < 0.05" ಎಂದೂ ಬೇಡ. ಇಷ್ಟು ಅಂಚಿನಲ್ಲಿ ನಿಂತಿರುವಾಗ ಓದುವವರಿಗೆ ಅಸಲಿ ಸಂಖ್ಯೆ ಬೇಕು. ನಾಲ್ಕೂ ಕೋಣೆಗಳ ಸಂಖ್ಯೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಅವಿದ್ದರೆ ಬೇರೆಯವರು ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿ ನೋಡಬಹುದು, ತಮಗೆ ಬೇಕಾದ ನಿಯಮವನ್ನೂ ಬಳಸಬಹುದು.

ವಿಧಾನದ ಭಾಗದಲ್ಲಿ ನಾನಾದರೆ ಹೀಗೆ ಬರೆಯುತ್ತೇನೆ:

> ನಿರೀಕ್ಷಿತ ಸಂಖ್ಯೆಗಳು ಚಿಕ್ಕದಿದ್ದುದರಿಂದ (ಕನಿಷ್ಠ 1.89) ಎರಡು ಗುಂಪುಗಳನ್ನು ಫಿಶರ್ ಎಕ್ಸಾಕ್ಟ್ ಟೆಸ್ಟ್‌ನಿಂದ ಹೋಲಿಸಲಾಯಿತು. ಟೂ-ಸೈಡೆಡ್ ಪಿ ಎಂದರೆ ಕಂಡ ಕೋಷ್ಟಕದಷ್ಟೇ ಅಥವಾ ಅದಕ್ಕಿಂತ ಕಡಿಮೆ ಸಂಭವನೀಯತೆಯ ಕೋಷ್ಟಕಗಳ ಮೊತ್ತ. ಆಡ್ಸ್ ರೇಶಿಯೋದ 95% ಇಂಟರ್‌ವಲ್ ಅನ್ನು ಅದೇ ನಿಯಮದಿಂದ ಪಡೆಯಲಾಯಿತು.

ಫಲಿತಾಂಶದಲ್ಲಿ:

> ಹೊಸ ಡೋಸ್ ಪಡೆದು ಕೊನೆಯವರೆಗೆ ಉಳಿದ 9 ಜನರಲ್ಲಿ 4 ಜನರಿಗೆ ವಾಂತಿ ಆಯಿತು (44%, 95% ಇಂಟರ್‌ವಲ್ 14ರಿಂದ 79%). ಹಳೆ ಡೋಸ್ ಪಡೆದ 10 ಜನರಲ್ಲಿ ಯಾರಿಗೂ ಆಗಲಿಲ್ಲ (0%, 0ರಿಂದ 31%). ಫಿಶರ್ ಎಕ್ಸಾಕ್ಟ್ ಟೆಸ್ಟ್, ಟೂ-ಸೈಡೆಡ್ ಪಿ = 0.033. ಆಡ್ಸ್ ರೇಶಿಯೋ ಅನಂತ, ಕೆಳಮಿತಿ 1.14, ಮೇಲ್ಮಿತಿ ಇಲ್ಲ. ಒನ್-ಸೈಡೆಡ್ ಪಿಯನ್ನು ಇಮ್ಮಡಿ ಮಾಡುವ ನಿಯಮದಲ್ಲಿ ಪಿ = 0.065, ಕೆಳಮಿತಿ 0.89. ಹೊಸ ಡೋಸ್ ಗುಂಪಿನಿಂದ ಮಧ್ಯದಲ್ಲಿ ಹೊರಬಂದ ಒಬ್ಬರನ್ನು ಸೇರಿಸಿದರೆ, ಅವರಿಗೆ ವಾಂತಿ ಆಗಿಲ್ಲ ಎಂದುಕೊಂಡಾಗ ಪಿ = 0.087, ಆಗಿದೆ ಎಂದುಕೊಂಡಾಗ ಪಿ = 0.033.

ಉದ್ದ ಜಾಸ್ತಿ ಆಯಿತು ಅನಿಸಬಹುದು. ಪದಮಿತಿ ಇದ್ದರೆ ಇಮ್ಮಡಿ ನಿಯಮದ ಸಾಲನ್ನು ಕೋಷ್ಟಕದ ಕೆಳಗಿನ ಟಿಪ್ಪಣಿಗೆ ಕಳಿಸಿ. ಬಿಟ್ಟುಹೋದವರ ಸಾಲು ಮಾತ್ರ ಮುಖ್ಯ ಪಠ್ಯದಲ್ಲೇ ಇರಲಿ.

ಕೊನೆಗೆ ಒಂದು ವಿಷಯ ನೀವೇ ಖಾತ್ರಿ ಮಾಡಿಕೊಳ್ಳಬೇಕು. ಈ ಲೆಕ್ಕವೆಲ್ಲ 19 ಜನರೂ ಬೇರೆ ಬೇರೆ, ಪ್ರತಿಯೊಬ್ಬರನ್ನೂ ಒಮ್ಮೆ ಮಾತ್ರ ಎಣಿಸಿದ್ದೀರಿ ಎಂದುಕೊಂಡು ಮಾಡಿದ್ದು. ಒಬ್ಬರಿಗೇ ಎರಡು ಸಲ ವಾಂತಿ ಆದದ್ದನ್ನು ಎರಡು ಎಂದು ಎಣಿಸಿದ್ದರೆ, ಅಥವಾ ಒಬ್ಬರಿಗೇ ಎರಡೂ ಡೋಸ್ ಕೊಟ್ಟು ನೋಡಿದ್ದರೆ, ಫಿಶರ್ ಪರೀಕ್ಷೆ ಇಲ್ಲಿಗೆ ಹೊಂದುವುದೇ ಇಲ್ಲ. ಎರಡನೆಯ ಸಂದರ್ಭಕ್ಕೆ ಮೆಕ್‌ನೆಮರ್ ಪರೀಕ್ಷೆಯ ಎಕ್ಸಾಕ್ಟ್ ರೂಪ ಬೇಕು. ನಿಮ್ಮ ಮೂಲ ಹಾಳೆಯಲ್ಲಿ ಪ್ರತಿ ರೋಗಿಗೆ ಒಂದೇ ಸಾಲು ಇದೆಯಾ ಎಂದು ನೋಡಿ, ಆ ಹತ್ತನೆಯವರು ಯಾಕೆ ಹೋದರು ಎಂಬುದನ್ನೂ ಅಲ್ಲೇ ಹುಡುಕಿ. ಎರಡೂ ಸಿಕ್ಕರೆ ಮೇಲಿನ ಎರಡು ಪ್ಯಾರಾಗಳನ್ನು ಹಾಗೇ ಬಳಸಿಕೊಳ್ಳಬಹುದು.